ಲಾಗಿನ್ ಪೇಜ್ ಟೆಸ್ಟ್ ಕೇಸ್, ಪಿರಮಿಡ್, ಫ್ಲೇಕಿ ಟೆಸ್ಟ್: ಇಂಟರ್‌ವ್ಯೂನಲ್ಲಿ ಹೇಗೆ ಉತ್ತರಿಸೋದು?

ರಮ್ಯಾ: ಮ್ಯಾನ್ಯುಯಲ್ ಟೆಸ್ಟಿಂಗ್‌ನಿಂದ ಆಟೊಮೇಷನ್‌ಗೆ ಬದಲಾಗುತ್ತಿದ್ದೇನೆ, ಮುಂದಿನ ವಾರ ಇಂಟರ್‌ವ್ಯೂ ಇದೆ. ಅಲ್ಲಿಗೆ ಹೋಗಿಬಂದ ಗೆಳತಿಗೆ ಮೂರು ಪ್ರಶ್ನೆ ಕೇಳಿದ್ದರಂತೆ. ಲಾಗಿನ್ ಪೇಜ್‌ಗೆ ಟೆಸ್ಟ್ ಕೇಸ್ ಹೇಳಿ. ಅದರಲ್ಲಿ ಬ್ರೌಸರ್‌ನಲ್ಲಿ ಓಡಿಸೋದು ಯಾವುದು? ಅದೇ ಲಾಗಿನ್ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆದರೆ ಏನು ಮಾಡ್ತೀರಿ? ಅನುಭವ ಇರೋರು ದಯವಿಟ್ಟು ಹೇಳಿ.

ಕಿರಣ್: ಸುಲಭ. ಟೆಸ್ಟ್ ಪಿರಮಿಡ್ ಅಂದ್ರೆ ಅಡಿಯಲ್ಲಿ ಯೂನಿಟ್ ಟೆಸ್ಟ್ ಶೇಕಡಾ 70, ನಡುವೆ ಎಪಿಐ 20, ಮೇಲೆ ಯುಐ 10 ಅಂತ ಹೇಳಿ. ಫ್ಲೇಕಿ ಆದರೆ `Thread.sleep` ತೆಗೆದು `WebDriverWait` ಹಾಕಿ, ಜೊತೆಗೆ ರೀಟ್ರೈ ಎರಡು ಸಲ ಇಟ್ಟುಬಿಡಿ. ನಮ್ಮ ಪ್ರಾಜೆಕ್ಟ್‌ನಲ್ಲಿ ಇಷ್ಟಕ್ಕೇ ಎಲ್ಲ ಹಸಿರು.

ಮಂಜುನಾಥ್: ರಮ್ಯಾ ಅವರೇ, ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ನಾನೂ ಕೂರುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಶೇಕಡಾ ಲೆಕ್ಕ ಒಪ್ಪಿಸಿದರೆ ಮುಂದಿನ ಪ್ರಶ್ನೆ "ಯಾಕೆ 70?" ಅಂತ ಬರುತ್ತದೆ, ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲ್ಲ. ಅಕೌಂಟ್ ಲಾಕ್ ಅನ್ನೋ ಒಂದೇ ಒಂದು ನಿಯಮ ಹಿಡಿದು ಮೂರೂ ಪ್ರಶ್ನೆಗೆ ಉತ್ತರ ಕೊಡಬಹುದು.

ಮೊದಲು ನೀವೇ ಅವರನ್ನು ಕೇಳಿ: ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹಾಕಿದರೆ ಅಕೌಂಟ್ ಲಾಕ್ ಆಗುತ್ತದೆ, ಎಷ್ಟು ಹೊತ್ತು? ಐದು ಸಲ, 15 ನಿಮಿಷ ಅಂದರು ಅಂತಿಟ್ಟುಕೊಳ್ಳಿ. ನಾಲ್ಕು ತಪ್ಪು ಆದಮೇಲೆ ಸರಿಯಾದದ್ದು ಹಾಕಿದರೆ ಒಳಗೆ ಬಿಡಬೇಕು, ಎಣಿಕೆ ಸೊನ್ನೆಗೆ ಬರಬೇಕು. ಐದು ತಪ್ಪಾದ ಮೇಲೆ ಸರಿಯಾದದ್ದು ಹಾಕಿದರೂ ಬಿಡಬಾರದು. 14 ನಿಮಿಷ 59 ಸೆಕೆಂಡಿಗೆ ಇನ್ನೂ ಲಾಕ್, 15 ದಾಟಿದ ಮೇಲೆ ತೆರೆಯಬೇಕು. ಇದನ್ನು ಬ್ರೌಸರ್‌ನಲ್ಲಿ ಮಾಡಿದರೆ ಒಂದು ಟೆಸ್ಟ್ 15 ನಿಮಿಷ ಸುಮ್ನೆ ಕಾಯಬೇಕು, ಯಾರೂ ಓಡಿಸಲ್ಲ. ಯೂನಿಟ್ ಟೆಸ್ಟ್‌ನಲ್ಲಾದರೆ ಗಡಿಯಾರವನ್ನೇ ನಾವು ಕೊಡುತ್ತೇವೆ, ಸಮಯ ಮುಂದಕ್ಕೆ ತಳ್ಳಿ ಮಿಲಿಸೆಕೆಂಡಿನಲ್ಲಿ ಮುಗಿಸುತ್ತೇವೆ. ಪಿರಮಿಡ್‌ನ ಅಡಿ ಅಗಲ ಇರೋದು ಇದಕ್ಕೇ.

ಎಪಿಐ ಮಟ್ಟದಲ್ಲಿ, ಇಲ್ಲದ ಇಮೇಲ್‌ಗೂ ತಪ್ಪು ಪಾಸ್‌ವರ್ಡ್‌ಗೂ ಒಂದೇ ಉತ್ತರ ಬರುತ್ತದಾ ನೋಡಿ. ಬೇರೆ ಬೇರೆ ಬಂದರೆ ಯಾರ ಅಕೌಂಟ್ ಇದೆ ಅಂತ ಹೊರಗಿನವರಿಗೆ ಗೊತ್ತಾಗುತ್ತದೆ. ಲಾಗಿನ್ ಆದಮೇಲೆ ಸೆಷನ್ ಐಡಿ ಬದಲಾಗುತ್ತದಾ, ಕುಕಿಗೆ `HttpOnly`, `Secure` ಇದೆಯಾ ಅನ್ನೋದೂ ಇಲ್ಲೇ.

ಬ್ರೌಸರ್‌ಗೆ ಬ್ರೌಸರ್ ಮಾತ್ರ ತೋರಿಸಬಲ್ಲದ್ದು ಉಳಿಯಲಿ. ಸರಿಯಾಗಿ ಲಾಗಿನ್ ಆದರೆ ಮೊದಲು ಕೇಳಿದ್ದ ಪೇಜ್‌ಗೇ ಹೋಗುತ್ತದಾ, ತಪ್ಪಾದರೆ ಸಂದೇಶ ಕಾಣುತ್ತದಾ, ಲಾಗೌಟ್ ಆದಮೇಲೆ ಬ್ಯಾಕ್ ಬಟನ್ ಒತ್ತಿದರೆ ಒಳಗಿನ ಪೇಜ್ ಮತ್ತೆ ಕಾಣಬಾರದು. ಇಷ್ಟು ಸಾಕು. ಮೂವತ್ತು ಕೇಸ್ ಉರು ಹೊಡೆದು ಹೇಳೋರಿಗಿಂತ, ಹತ್ತು ಹೇಳಿ ಪ್ರತಿಯೊಂದೂ ಯಾವ ಮಟ್ಟದಲ್ಲಿ, ಯಾಕೆ ಅಂತ ಹೇಳೋರಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಈಗ ಫ್ಲೇಕಿ. ಲಾಗಿನ್‌ಗೆ ಆರು ಬ್ರೌಸರ್ ಟೆಸ್ಟ್ ಇವೆ, ಎಲ್ಲವೂ `qa_user1` ಅನ್ನೋ ಒಂದೇ ಅಕೌಂಟ್ ಬಳಸುತ್ತವೆ ಅಂದುಕೊಳ್ಳಿ. ಐದು ಟೆಸ್ಟ್ ತಪ್ಪು ಪಾಸ್‌ವರ್ಡ್ ಹಾಕುತ್ತವೆ, ಒಂದು ಸರಿಯಾದದ್ದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾದದ್ದು ನಡುವೆ ಎಲ್ಲೋ ಓಡಿ ಎಣಿಕೆ ಸೊನ್ನೆ ಮಾಡುತ್ತದೆ, ಎಲ್ಲ ಪಾಸ್. ಸಿಐನಲ್ಲಿ ಪ್ಯಾರಲಲ್ ಆಗಿ ಓಡುವಾಗ ಯಾವತ್ತೋ ಒಂದು ದಿನ ಐದೂ ತಪ್ಪು ಮೊದಲೇ ಮುಗಿದು, ಸರಿಯಾದದ್ದು ಕೊನೆಗೆ ಬಂದರೆ ಅಕೌಂಟ್ ಲಾಕ್. ಫೇಲ್ ಆಗೋದು ಒಳ್ಳೆಯ ಟೆಸ್ಟ್, ಕಾರಣ ಬೇರೆ ಐದು.

ಕಿರಣ್, ಇಲ್ಲಿ ವೇಟ್ 10 ಸೆಕೆಂಡ್ ಇದ್ದರೂ 60 ಇದ್ದರೂ ಉಪಯೋಗವಿಲ್ಲ, ಲಾಕ್ ಇರೋದು 15 ನಿಮಿಷ. ರೀಟ್ರೈ ಇಟ್ಟರೆ ಇನ್ನೂ ಕೆಡುತ್ತದೆ. ತಪ್ಪು ಪಾಸ್‌ವರ್ಡ್ ಟೆಸ್ಟ್ ಒಂದು ಯಾವುದೋ ಕಾರಣಕ್ಕೆ ಮತ್ತೆ ಓಡಿದರೆ ತಪ್ಪಿನ ಎಣಿಕೆಯೂ ಒಂದು ಏರುತ್ತದೆ, ಲಾಕ್ ಇನ್ನೂ ಬೇಗ ಬೀಳುತ್ತದೆ.

ಕಂಡುಹಿಡಿಯೋದು ಹೀಗೆ. ಫೇಲ್ ಆದಾಗಿನ ಸ್ಕ್ರೀನ್‌ಶಾಟ್ ಮೊದಲು ನೋಡಿ. ಲೋಡಿಂಗ್ ಚಕ್ರ ಸುತ್ತುತ್ತಿದ್ದರೆ ನಿಧಾನದ ಸಮಸ್ಯೆ ಇರಬಹುದು, ಲಾಕ್ ಸಂದೇಶ ಇದ್ದರೆ ಅಲ್ಲ. ಆಮೇಲೆ ಆ ಟೆಸ್ಟ್ ಒಂದನ್ನೇ 50 ಸಲ ಓಡಿಸಿ, ಒಮ್ಮೆಯೂ ಬೀಳದಿದ್ದರೆ ಅನುಮಾನ ಜೊತೆಯ ಟೆಸ್ಟ್‌ಗಳ ಮೇಲೆ ಹೋಗಬೇಕು. ಕ್ರಮ ಬದಲಿಸಿ ಪೂರ್ತಿ ಗುಂಪು ಓಡಿಸಿ, ಸರ್ವರ್ ಲಾಗ್‌ನಲ್ಲಿ ಲಾಕ್ ಬಿದ್ದ ಹೊತ್ತು ಹೋಲಿಸಿ. ಸರಿಪಡಿಸೋದಕ್ಕೆ ಪ್ರತಿ ಟೆಸ್ಟ್‌ಗೂ ಎಪಿಐ ಮೂಲಕ ಹೊಸ ಯೂಸರ್ ಸಾಕು:

```java
@BeforeEach
void setUp() {
  String mail = "qa-" + UUID.randomUUID() + "@example.test";
  user = api.createUser(mail, "Right#123");
}
```

ಸರಿಯಾಗುವ ತನಕ ಆ ಟೆಸ್ಟನ್ನು ಬಿಲ್ಡ್ ತಡೆಯುವ ಗುಂಪಿನಿಂದ ಹೊರಗಿಡಿ. ಆದರೆ ಯಾರು, ಯಾವ ತಾರೀಖಿನೊಳಗೆ ನೋಡುತ್ತಾರೆ ಅಂತ ಟಿಕೆಟ್‌ನಲ್ಲಿ ಬರೆದೇ ಇಡಿ.

ಸುಜಾತಾ: ಸರ್, ನಮ್ಮ ಆ್ಯಪ್‌ನಲ್ಲಿ ಪಾಸ್‌ವರ್ಡೇ ಇಲ್ಲ, ಬರೀ ಒಟಿಪಿ. ಎಸ್‌ಎಂಎಸ್ ಒಮ್ಮೆ ಬೇಗ ಬರುತ್ತದೆ, ಒಮ್ಮೆ ಬರೋದೇ ಇಲ್ಲ. ಹಾಗಾದ್ರೆ ನಮಗೆ ಈ ಪಿರಮಿಡ್ ಅನ್ವಯ ಆಗಲ್ಲ ಅಲ್ವಾ?

ಮಂಜುನಾಥ್: ಆಗುತ್ತದೆ ಮೇಡಂ. ಟೆಸ್ಟ್ ಸರ್ವರ್‌ನಲ್ಲಿ ನಿಜವಾದ ಎಸ್‌ಎಂಎಸ್ ಗೇಟ್‌ವೇ ಬದಲು ನಕಲಿ ಒಂದು ಇಡಿಸಿ, ಕಳಿಸಿದ ಒಟಿಪಿಯನ್ನು ಅದರಿಂದಲೇ ಓದಿಕೊಳ್ಳಿ. ಅವಧಿ ಮುಗಿದದ್ದು, ಎರಡನೇ ಸಲ ಬಳಸಿದ್ದು, ಹೊಸದು ಕೇಳಿದ ಮೇಲೆ ಹಳೆಯದು ಹಾಕಿದ್ದು, ಇವೆಲ್ಲ ಯೂನಿಟ್‌ಗೆ. ನಿಜವಾದ ಮೊಬೈಲ್‌ಗೆ ಬರುತ್ತದಾ ಅಂತ ರಿಲೀಸ್‌ಗೊಮ್ಮೆ ಕೈಯಲ್ಲೇ ನೋಡಿ. ಆದರೆ ಒಂದು ಎಚ್ಚರ, ಆ ನಕಲಿ ಗೇಟ್‌ವೇ ಪ್ರೊಡಕ್ಷನ್‌ನಲ್ಲಿ ಆನ್ ಆಗಲೇಬಾರದು, ಅದಕ್ಕೂ ಒಂದು ಟೆಸ್ಟ್ ಬೇಕು.

ಕಿರಣ್: ಒಂದೇ ಅಕೌಂಟ್ ವಿಷಯ ಒಪ್ಪಿದೆ ಸರ್. ಆದರೆ ರೀಟ್ರೈ ಪೂರ್ತಿ ಬೇಡ ಅನ್ನೋದು ಕಷ್ಟ. ನೆಟ್‌ವರ್ಕ್, ಬ್ರೌಸರ್ ಕ್ರ್ಯಾಶ್ ನಮ್ಮ ಕೈಯಲ್ಲಿಲ್ಲ. ಪ್ಲೇರೈಟ್‌ನಲ್ಲಿ ರೀಟ್ರೈನಲ್ಲಿ ಪಾಸ್ ಆದದ್ದು `flaky` ಅಂತ ಬೇರೆಯಾಗಿಯೇ ರಿಪೋರ್ಟ್‌ನಲ್ಲಿ ಬರುತ್ತದೆ, ಮುಚ್ಚಿಹೋಗಲ್ಲ.

ಮಂಜುನಾಥ್: ಲೆಕ್ಕ ನಿಮ್ಮ ಕಡೆಗೂ ಇದೆ. ನೂರು ಟೆಸ್ಟ್ ಇದ್ದು ಪ್ರತಿಯೊಂದೂ ನೂರಕ್ಕೆ ಒಂದು ಸಲ ಸುಮ್ಮನೆ ಬಿದ್ದರೆ, ಇಡೀ ಬಿಲ್ಡ್ ಹಸಿರಾಗೋದು ಸುಮಾರು 37 ಶೇಕಡಾ ಮಾತ್ರ. ಹಾಗಾಗಿ ರೀಟ್ರೈ ಆಸೆ ಅರ್ಥವಾಗುತ್ತದೆ. ನನ್ನ ಭಯ ಬೇರೆ. ಒಂದು ಪ್ರಾಜೆಕ್ಟ್‌ನಲ್ಲಿ ಬಟನ್ ಕಾಣಿಸುತ್ತಿತ್ತು, ಒತ್ತಬಹುದಾಗಿತ್ತು, ಆದರೆ ಅದರ ಹಿಂದಿನ ಜಾವಾಸ್ಕ್ರಿಪ್ಟ್ ಇನ್ನೂ ಕೂತಿರಲಿಲ್ಲ. ಆಗ ಒತ್ತಿದರೆ ಫಾರ್ಮ್ ತಾನೇ `GET` ಆಗಿ ಹೋಗಿ ಪಾಸ್‌ವರ್ಡ್ ಅಡ್ರೆಸ್ ಬಾರ್‌ನಲ್ಲಿ ಬರುತ್ತಿತ್ತು. ರೀಟ್ರೈ ಆದಾಗೆಲ್ಲ ಟೆಸ್ಟ್ ಪಾಸ್. ನಿಧಾನದ ಇಂಟರ್ನೆಟ್ ಇರುವ ಬಳಕೆದಾರರಿಗೆ ಅದು ನಿಜವಾದ ದೋಷ. `flaky` ಪಟ್ಟಿಯನ್ನು ದಿನಾ ಓದುವ ಒಬ್ಬರು ಟೀಮ್‌ನಲ್ಲಿದ್ದರೆ ಒಂದು ರೀಟ್ರೈ ಇಡಿ, ಇಲ್ಲದಿದ್ದರೆ ಬೇಡ ಅಂತಲೇ ನಾನು ಹೇಳುತ್ತೇನೆ.

ಕಿರಣ್: ದಿನಾ ಓದೋರು ಯಾವ ಟೀಮ್‌ನಲ್ಲಿ ಇರ್ತಾರೆ ಸರ್? ರಿಲೀಸ್ ದಿನ ಕೆಂಪು ಬಂದರೆ ಮ್ಯಾನೇಜರ್ ಟೆಸ್ಟನ್ನೇ ತೆಗೆಸಿಬಿಡ್ತಾರೆ. ನಾನಂತೂ ಒಂದು ರೀಟ್ರೈ ಇಡ್ತೀನಿ.

ರಮ್ಯಾ: ತುಂಬಾ ಧನ್ಯವಾದ ಸರ್. ಒಂದು ಅನುಮಾನ. ಯೂನಿಟ್ ಟೆಸ್ಟ್ ಬರೆಯೋದು ಡೆವಲಪರ್‌ಗಳು. ಲಾಕ್ ನಿಯಮ ಯೂನಿಟ್‌ಗೆ ಅಂದರೆ "ಹಾಗಾದರೆ ನಿಮ್ಮ ಕೆಲಸ ಏನು" ಅಂತ ಕೇಳಲ್ವಾ?

ಮಂಜುನಾಥ್: ಕೇಳುತ್ತಾರೆ, ಕೇಳಲಿ. ನಾಲ್ಕು, ಐದು, 14:59, 15:00 ಅನ್ನೋ ಗಡಿಗಳನ್ನು ಕೋಡ್ ಬರೆಯುವ ಮೊದಲೇ ಡೆವಲಪರ್‌ಗೆ ಕೊಡೋದು ನಾನು, ಪುಲ್ ರಿಕ್ವೆಸ್ಟ್ ಬಂದಾಗ ಅವು ಟೆಸ್ಟ್‌ನಲ್ಲಿ ಇವೆಯಾ ಅಂತ ಓದೋದೂ ನಾನು ಅನ್ನಿ. ಯೂನಿಟ್ ಟೆಸ್ಟ್ ಬರೆಯೋ ಅಭ್ಯಾಸವೇ ಇಲ್ಲದ ಟೀಮ್ ಆದರೆ ಅದೇ ಗಡಿಗಳನ್ನು ಎಪಿಐ ಮಟ್ಟದಲ್ಲಿ ನೀವೇ ಬರೆಯಿರಿ. ಆಗ ಟೆಸ್ಟ್ ಸರ್ವರ್‌ನಲ್ಲಿ ಲಾಕ್ ಅವಧಿಯನ್ನು 15 ನಿಮಿಷದಿಂದ ಕೆಲವೇ ಸೆಕೆಂಡಿಗೆ ಇಳಿಸಲು ಒಂದು ಸೆಟ್ಟಿಂಗ್ ಕೇಳಿ ಪಡೆಯಿರಿ.