ಬ್ಯಾಕ್‌ಟೆಸ್ಟ್‌ನಲ್ಲಿ 40%, ಪೇಪರ್ ಟ್ರೇಡಿಂಗ್‌ನಲ್ಲಿ ಸೂಚ್ಯಂಕಕ್ಕಿಂತ ಕಮ್ಮಿ: ತಪ್ಪು ಎಲ್ಲಿದೆ?

ಕಾಫಿಕಣಿವೆ:
ನಮಸ್ಕಾರ. ನಿಫ್ಟಿ 500 ಷೇರುಗಳಲ್ಲಿ ಕಳೆದ ಆರು ತಿಂಗಳಲ್ಲಿ ಹೆಚ್ಚು ಏರಿದ ಹತ್ತನ್ನು ಆರಿಸುವ ಸ್ಕ್ರಿಪ್ಟ್ ಬರೆದಿದ್ದೇನೆ. ತಿಂಗಳ ಕೊನೆಯ ವಹಿವಾಟಿನ ದಿನ ಮಧ್ಯಾಹ್ನ 3:45ಕ್ಕೆ ಕ್ರಾನ್ ಅದನ್ನು ಓಡಿಸುತ್ತದೆ. 2014ರಿಂದ ಬ್ಯಾಕ್‌ಟೆಸ್ಟ್ ಮಾಡಿದರೆ ವರ್ಷಕ್ಕೆ 40%ಗಿಂತ ಜಾಸ್ತಿ ಬರುತ್ತದೆ. ಪೇಪರ್ ಟ್ರೇಡಿಂಗ್‌ನಲ್ಲಿ ಸೂಚ್ಯಂಕವನ್ನೂ ಮುಟ್ಟುತ್ತಿಲ್ಲ. ಷೇರುಗಳ ಪಟ್ಟಿ ಈ ವರ್ಷ ಇಳಿಸಿಕೊಂಡಿದ್ದು.

```python
close = close.dropna(axis=1)
m = close.resample("ME").last()
w = (m.pct_change(6).rank(axis=1, ascending=False) <= 10) / 10
ret = (w * m.pct_change()).sum(axis=1)
```

ಸಂಜೆಗಡಿಯಾರ:
ಸರ್ವರ್ ಟೈಮ್ ನೋಡಿ. ನನ್ನದು UTCಯಲ್ಲಿತ್ತು, ಹಾಗಾಗಿ 3:45ರ ಕೆಲಸ ರಾತ್ರಿ 9:15ಕ್ಕೆ ಓಡುತ್ತಿತ್ತು.

ಕಾಫಿಕಣಿವೆ:
ನೋಡಿದೆ, ಸಮಯ ಸರಿಯಾಗೇ ಇದೆ. ಪೇಪರ್ ಟ್ರೇಡಿಂಗ್ ಹಾಗಿರಲಿ, ಬ್ಯಾಕ್‌ಟೆಸ್ಟ್‌ಗೆ ಇಷ್ಟೊಂದು ಲಾಭ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ.

ಪೈಥಾನ್‌ಪ್ರಿಯ:
ಕೊನೆಯ ಸಾಲು ನೋಡಿ. ಜೂನ್ 30ರ ಬೆಲೆ ನೋಡಿ ಆರಿಸಿದ ಷೇರಿಗೆ ಜೂನ್ ತಿಂಗಳ ಲಾಭವನ್ನೇ ಕೊಡುತ್ತಿದ್ದೀರಿ. `w.shift(1) * m.pct_change()` ಅಂತ ಮಾಡಿ. ಸಮಸ್ಯೆ ಅಷ್ಟೇ.

ಕಾಫಿಕಣಿವೆ:
ಮಾಡಿದೆ, ತುಂಬಾ ಇಳಿಯಿತು. ಆದರೂ ಸೂಚ್ಯಂಕಕ್ಕಿಂತ ಎಷ್ಟೋ ಮೇಲಿದೆ. ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದೆ. ಡೇಟಾವನ್ನು 2019ರ ಜೂನ್‌ಗೆ ಕತ್ತರಿಸಿ `w` ಲೆಕ್ಕ ಹಾಕಿದೆ. ಪೂರ್ತಿ ಡೇಟಾದಿಂದ ಬಂದ ಜೂನ್ ಸಾಲಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಮುಂದಿನ ಮಾಹಿತಿ ಸೋರುತ್ತಿಲ್ಲ ಅಂತ ತಾನೆ?

ಹಳೆಬೇರು:
ಕತ್ತರಿಸಿ ನೋಡುವ ಪರೀಕ್ಷೆ ಒಳ್ಳೆಯದು, ಆದರೆ ಅದು ಆಯ್ಕೆಯನ್ನು ಮಾತ್ರ ಪರೀಕ್ಷಿಸುತ್ತದೆ. ಪೈಥಾನ್‌ಪ್ರಿಯ ಹೇಳಿದ ತಪ್ಪು ಆಯ್ಕೆಯಲ್ಲಿಲ್ಲ, ಆಯ್ಕೆಯನ್ನು ಯಾವ ತಿಂಗಳ ಲಾಭಕ್ಕೆ ಜೋಡಿಸಿದಿರಿ ಅನ್ನುವುದರಲ್ಲಿದೆ. ಅದಕ್ಕೇ ವ್ಯತ್ಯಾಸ ಸೊನ್ನೆ ಬಂತು.

shift ಆದ ಮೇಲೂ ಸ್ವಲ್ಪ ಉಳಿದಿದೆ. ಮಾರುಕಟ್ಟೆ 3:30ಕ್ಕೆ ಮುಚ್ಚುತ್ತದೆ, ನಿಮ್ಮ ಸ್ಕ್ರಿಪ್ಟ್ ಓಡುವುದು 3:45ಕ್ಕೆ. ಬ್ಯಾಕ್‌ಟೆಸ್ಟ್ ಮಾತ್ರ ಆ ದಿನದ ಮುಕ್ತಾಯದ ಬೆಲೆಗೇ ಕೊಂಡಂತೆ ಲೆಕ್ಕ ಹಾಕುತ್ತದೆ. ನಿಜವಾದ ಆರ್ಡರ್ ಮರುದಿನ ಬೆಳಿಗ್ಗೆ ಹೋಗುವುದು. ಹಾಗಾಗಿ ಮರುದಿನದ ಆರಂಭದ ಬೆಲೆ ಹಾಕಿ.

ದೊಡ್ಡ ತೊಂದರೆ ಪಟ್ಟಿಯದು. ಈ ವರ್ಷದ ನಿಫ್ಟಿ 500ರಲ್ಲಿ ಎಷ್ಟೋ ಕಂಪನಿಗಳು ಆಮೇಲೆ ಬೆಳೆದೇ ಒಳಗೆ ಬಂದಿವೆ. 2014ರಲ್ಲಿ ಸಣ್ಣದಾಗಿದ್ದ ಅಂಥ ಷೇರನ್ನು ನಿಮ್ಮ ಸ್ಕ್ರಿಪ್ಟ್ ಆಗಲೇ ಕೊಳ್ಳುತ್ತದೆ. ಅದು ಈ ಪಟ್ಟಿಗೆ ಸೇರುತ್ತದೆ ಅಂತ 2014ರಲ್ಲಿ ಯಾರಿಗೆ ಗೊತ್ತಿತ್ತು? ಇನ್ನೊಂದು ಕಡೆ ಡಿಎಚ್‌ಎಫ್‌ಎಲ್ ನೋಡಿ. 2021ರಲ್ಲಿ ಅದರ ಷೇರುದಾರರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಇದ್ದಿದ್ದರೂ `dropna(axis=1)` ಇಡೀ ಕಾಲಂ ಅನ್ನೇ ತೆಗೆದುಹಾಕುತ್ತಿತ್ತು.

ಒಂದು ಕೆಲಸ ಮಾಡಿ. ಯಾವ ಸ್ಟ್ರಾಟಜಿಯೂ ಬೇಡ, ಆ ಪಟ್ಟಿಯ ಎಲ್ಲ ಷೇರುಗಳನ್ನೂ ಸಮವಾಗಿ ಕೊಂಡು ಲಾಭ ನೋಡಿ. ಅದನ್ನು ನಿಫ್ಟಿ 500 ಸಮತೂಕ ಸೂಚ್ಯಂಕದ ಜೊತೆ ಹೋಲಿಸಿ.

ತುಂಗೆದಡ:
ನನ್ನದು ಬಿದ್ದ ಬ್ಯಾಂಕ್ ಷೇರು ಕೊಳ್ಳುವ ಸ್ಟ್ರಾಟಜಿ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್‌ನಿಂದ ಭಾರಿ ಲಾಭ ತೋರಿಸುತ್ತದೆ. ಷೇರು ಈಗಲೂ ಇದೆಯಲ್ವಾ, ಹಾಗಾಗಿ ಅದು ಸರಿ ತಾನೆ?

ಹಳೆಬೇರು:
ಸರಿಯಲ್ಲ. ಆ ತಿಂಗಳ ಪುನರ್‌ರಚನೆ ಯೋಜನೆಯಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇದ್ದವರ 75% ಷೇರುಗಳನ್ನು ಮೂರು ವರ್ಷ ಮಾರದಂತೆ ತಡೆಹಿಡಿದರು. ಚಾರ್ಟ್‌ನಲ್ಲಿ ಬೆಲೆ ಕಾಣುತ್ತದೆ, ಮಾರಲು ಆಗುತ್ತಿರಲಿಲ್ಲ. ಬೆಲೆಯ ಡೇಟಾದಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಕಾಫಿಕಣಿವೆ:
ಸರ್, ಮಾಡಿ ನೋಡಿದೆ. ಸುಮ್ನೆ ಎಲ್ಲವನ್ನೂ ಕೊಂಡಿದ್ದೇ ಸಮತೂಕ ಸೂಚ್ಯಂಕಕ್ಕಿಂತ ತುಂಬಾ ಮೇಲಿದೆ. ಸ್ಟ್ರಾಟಜಿ ಅದರ ಮೇಲೆ ಸೇರಿಸಿದ್ದು ಸ್ವಲ್ಪವೇ. ಹಳೆಯ ಪಟ್ಟಿ ಎಲ್ಲಿ ಸಿಗುತ್ತದೆ?

ಹಳೆಬೇರು:
ಸೂಚ್ಯಂಕದ ಪಟ್ಟಿಯನ್ನೇ ಬಿಡಿ. ಎನ್‌ಎಸ್‌ಇಯ ಹಳೆಯ ಭಾವ್‌ಕಾಪಿಗಳಲ್ಲಿ ಆಯಾ ದಿನ ವಹಿವಾಟಾದ ಷೇರುಗಳೆಲ್ಲ ಇರುತ್ತವೆ, ಸತ್ತ ಕಂಪನಿಗಳೂ ಸೇರಿ. ಪ್ರತಿ ತಿಂಗಳೂ ಹಿಂದಿನ ಆರು ತಿಂಗಳ ವಹಿವಾಟು ಮೊತ್ತ ನೋಡಿ ಮೇಲಿನ 200 ತೆಗೆದುಕೊಳ್ಳಿ. EQ ಸರಣಿ ಮಾತ್ರ ಇಟ್ಟರೆ, ಕೈಯಲ್ಲಿರುವ ಷೇರು BEಗೆ ಹೋದ ದಿನ ಕಾಣೆಯಾಗುತ್ತದೆ. ಬೋನಸ್, ಸ್ಪ್ಲಿಟ್‌ಗಳನ್ನು ನೀವೇ ಸರಿಹೊಂದಿಸಬೇಕು.

ಪೈಥಾನ್‌ಪ್ರಿಯ:
ಡೀಲಿಸ್ಟ್ ಆದ ಮೇಲೆ ಬೆಲೆ ಸೊನ್ನೆ ಅಂತ ಹಾಕಿದರೆ ಸಾಕಲ್ವಾ?

ಹಳೆಬೇರು:
ಎಲ್ಲದಕ್ಕೂ ಬೇಡ. ಎಚ್‌ಡಿಎಫ್‌ಸಿ 2023ರ ಜುಲೈನಲ್ಲಿ ಪಟ್ಟಿಯಿಂದ ಹೋಯಿತು. ಅದರ 25 ಷೇರಿಗೆ ಎಚ್‌ಡಿಎಫ್‌ಸಿ ಬ್ಯಾಂಕಿನ 42 ಷೇರು ಕೊಟ್ಟರು. ಅಲ್ಲಿ ಸೊನ್ನೆ ಹಾಕಿದರೆ ಇಲ್ಲದ ನಷ್ಟ ಬರುತ್ತದೆ. `ffill` ಹಾಕಿದರೆ ಡಿಎಚ್‌ಎಫ್‌ಎಲ್ ಕೊನೆಯ ಬೆಲೆಯಲ್ಲೇ ನಿಂತುಬಿಡುತ್ತದೆ. ಕಾಣೆಯಾದ ಪ್ರತಿ ಷೇರಿಗೂ ಕಾರಣ ಹುಡುಕಬೇಕು.

ಕಾಫಿಕಣಿವೆ:
ಭಾವ್‌ಕಾಪಿ ಇಳಿಸುತ್ತಿದ್ದೇನೆ. ಸಿಂಬಲ್ ಬದಲಾದ ಕಂಪನಿಗಳನ್ನು ISINನಿಂದ ಜೋಡಿಸೋಣ ಅಂದುಕೊಂಡರೆ, ಮುಖಬೆಲೆ ಸ್ಪ್ಲಿಟ್ ಆದಾಗ ISIN ಕೂಡ ಬದಲಾಗಿದೆ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಹಳೆಬೇರು:
ನಾನು ಕೈಯಾರೆ ಒಂದು ಕೋಷ್ಟಕ ಇಟ್ಟುಕೊಂಡಿದ್ದೇನೆ: ಹಳೆ ISIN, ಹೊಸ ISIN, ದಿನಾಂಕ. ತಾನಾಗಿಯೇ ಜೋಡಿಸುವ ನಂಬಿಕಸ್ಥ ದಾರಿ ನನಗೆ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ.