ಒಂದು ಲೋಟದಲ್ಲಿ ಎಷ್ಟು ಸಕ್ಕರೆ? ಕೋಲಾ, ಪ್ಯಾಕೆಟ್ ಜ್ಯೂಸ್ ಮತ್ತು ಎಳನೀರಿನ ಲೆಕ್ಕ

ಪ್ರಶ್ನೆ (ತುಮಕೂರಿನ ಗೃಹಿಣಿ): ಮೇಡಂ, ನಮ್ಮನೆಯವರಿಗೆ ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಕೋಲಾ ಬಿಡಿಸಿದೆ. ಈಗ ಪ್ಯಾಕೆಟ್ ಜ್ಯೂಸ್ ತರುತ್ತಾರೆ, "ಹಣ್ಣಿಂದು ತಾನೆ" ಅಂತಾರೆ. ಎಳನೀರು ಕುಡೀರಿ ಅಂದ್ರೆ ಅದರಲ್ಲೂ ಸಕ್ಕರೆ ಇದೆ ಅಂತ ವಾದ ಮಾಡ್ತಾರೆ. ಒಂದು ಲೋಟಕ್ಕೆ ಯಾವುದರಲ್ಲಿ ಎಷ್ಟು ಅಂತ ಲೆಕ್ಕ ಹೇಳ್ತೀರಾ?

ಉತ್ತರ (ಆಹಾರ ತಜ್ಞೆ, ಮೈಸೂರು): ಮೊದಲು ಲೋಟದ ಅಳತೆ ಒಂದೇ ಇಟ್ಟುಕೊಳ್ಳೋಣ, 200 ಮಿಲಿ. ಅಳತೆ ಬೇರೆ ಬೇರೆ ಆದರೆ ವಾದ ಮುಗಿಯುವುದೇ ಇಲ್ಲ.

ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ ಹತ್ತೂವರೆ ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಹಾಗಾದರೆ ಲೋಟಕ್ಕೆ 21 ಗ್ರಾಂ, ಅಂದರೆ ನಾಲ್ಕು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಕ್ಯಾಲೊರಿ 85ರ ಹತ್ತಿರ. ಅದರಲ್ಲಿ ಬೇರೆ ಪೋಷಕಾಂಶ ಏನೂ ಇಲ್ಲ, ಇಡೀ ಕ್ಯಾಲೊರಿ ಸಕ್ಕರೆಯದೇ.

ಜ್ಯೂಸ್ ವಿಷಯದಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಅಂಗಡಿಯಲ್ಲಿ ಜಾಸ್ತಿ ಖರ್ಚಾಗುವ ಮಾವಿನ ಪಾನೀಯ ನಿಜವಾಗಿ ಜ್ಯೂಸ್ ಅಲ್ಲ. ಕಾನೂನಿನ ಪ್ರಕಾರ ಅದು ಹಣ್ಣಿನ ಪಾನೀಯ, ಹಣ್ಣಿನ ಅಂಶ ನೂರಕ್ಕೆ ಹತ್ತಿದ್ದರೂ ಸಾಕು. ಉಳಿದಿದ್ದು ನೀರು ಮತ್ತು ಸಕ್ಕರೆ. ಅವುಗಳಲ್ಲಿ ಸಕ್ಕರೆ ಹೆಚ್ಚಾಗಿ 100 ಮಿಲಿಗೆ 13 ರಿಂದ 15 ಗ್ರಾಂ. ಲೋಟಕ್ಕೆ 26 ರಿಂದ 30. ಕೋಲಾ ಬಿಟ್ಟು ಇದಕ್ಕೆ ಬಂದರೆ ಸಕ್ಕರೆ ಕಡಿಮೆ ಆಗುವುದಿಲ್ಲ, ಇನ್ನೂ ಹೆಚ್ಚಾಗುತ್ತದೆ.

ಎಳನೀರಲ್ಲಿ ಸಕ್ಕರೆ ಇದೆ ಅನ್ನುವುದು ನಿಜ. ಆದರೆ ಲೋಟಕ್ಕೆ 5 ರಿಂದ 10 ಗ್ರಾಂ, ಕ್ಯಾಲೊರಿ 35 ರಿಂದ 50. ಸಕ್ಕರೆ ಕೋಲಾದ ಅರ್ಧಕ್ಕಿಂತ ಕಡಿಮೆ. ನಿಮ್ಮ ಯಜಮಾನರು ಹೇಳಿದ್ದರಲ್ಲಿ ಸುಳ್ಳಿಲ್ಲ, ಪ್ರಮಾಣ ಮಾತ್ರ ಬಿಟ್ಟುಹೋಗಿದೆ.

ಬೆಂಗಳೂರಿನ ಒಬ್ಬರು: ಮೇಡಂ, ಸಕ್ಕರೆ ಹಾಕದ ಶುದ್ಧ ಜ್ಯೂಸ್ ಪ್ಯಾಕೆಟ್ ಕೂಡ ಸಿಗುತ್ತದಲ್ಲ? ನಾನು ಅದನ್ನೇ ತರೋದು. ಹಣ್ಣಿನ ಸಕ್ಕರೆ ನೈಸರ್ಗಿಕ, ಅದು ರಕ್ತದ ಶುಗರ್ ಏರಿಸಲ್ಲ. ಹಾಕಿದ ಸಕ್ಕರೆ ಮಾತ್ರ ಕೆಟ್ಟದ್ದು.

ಆಹಾರ ತಜ್ಞೆ: ಸಕ್ಕರೆ ಹಾಕದ್ದನ್ನು ಆರಿಸಿದ್ದು ಸರಿ ಸರ್. ಆದರೆ ಎರಡನೇ ಮಾತು ಸರಿಯಲ್ಲ. ಸಕ್ಕರೆ ಹಾಕದ ಕಿತ್ತಳೆ ಜ್ಯೂಸ್‌ನಲ್ಲಿ ಲೋಟಕ್ಕೆ 18 ಗ್ರಾಂ ಆಸುಪಾಸು ಸಕ್ಕರೆ ಇದೆ. ಸೇಬಿನದರಲ್ಲಿ 22. ದ್ರಾಕ್ಷಿಯದರಲ್ಲಿ 28 ರಿಂದ 30, ಅದು ಕೋಲಾಗಿಂತ ಜಾಸ್ತಿ. ವಿಟಮಿನ್ ಸಿ, ಪೊಟ್ಯಾಶಿಯಂ ಸಿಗುತ್ತವೆ, ಅದು ಲಾಭವೇ. ಆದರೆ ಶುಗರ್ ಏರುವ ವಿಷಯದಲ್ಲಿ ದೇಹ ಅದಕ್ಕೆ ವಿನಾಯಿತಿ ಕೊಡುವುದಿಲ್ಲ.

ಕಾರಣ ನಾರು. ಒಂದು ಕಿತ್ತಳೆ ಬಿಡಿಸಿ ತಿಂದರೆ ಐದು ನಿಮಿಷ ಬೇಕು, ಹೊಟ್ಟೆ ತುಂಬಿದ ಹಾಗಾಗುತ್ತದೆ. ಒಂದು ಲೋಟ ಜ್ಯೂಸ್‌ಗೆ ಮೂರು ನಾಲ್ಕು ಹಣ್ಣು ಬೇಕು. ಅದನ್ನು ಒಂದು ನಿಮಿಷದಲ್ಲಿ ಕುಡಿದು ಮುಗಿಸುತ್ತೀರಿ, ಸಿಪ್ಪೆ ತೊಳೆಯ ನಾರು ಆಚೆ ಹೋಗಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಟೀಗೆ ಹಾಕುವ ಸಕ್ಕರೆಯ ಜೊತೆಗೇ ಲೆಕ್ಕ ಹಾಕಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇಂಥ ಸಕ್ಕರೆ 50 ಗ್ರಾಂ ದಾಟಬಾರದು, ಆದರೆ 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. ಇಡೀ ಹಣ್ಣಿನ ಸಕ್ಕರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸ್ ಮೇಲೆ "ನೂರು ಪ್ರತಿಶತ ಹಣ್ಣಿನ ರಸ" ಎಂದು ಬರೆಯಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶ ಮಾಡಿದೆ. ಆದ್ದರಿಂದ ಮುಂದಿನ ದೊಡ್ಡ ಅಕ್ಷರ ನೋಡಿ ನಂಬಬೇಡಿ, ಹಿಂದಿನ ಚಿಕ್ಕ ಪಟ್ಟಿ ನೋಡಿ.

ತಿಪಟೂರಿನ ತೋಟದವರು: ಎಳನೀರಿನ ಬಗ್ಗೆ ನಾನೊಂದು ಹೇಳ್ತೀನಿ. ಐದರಿಂದ ಹತ್ತು ಗ್ರಾಂ ಅಂತ ಮೇಡಂ ಅಷ್ಟು ಅಂತರ ಇಟ್ಟು ಹೇಳಿದ್ದು ಸರಿಯಾಗಿದೆ. ಎಲ್ಲ ಎಳನೀರೂ ಒಂದೇ ಅಲ್ಲ. ಐದು ತಿಂಗಳಿನ ತೀರಾ ಎಳೆಯದು ಒಗರು ಒಗರಾಗಿರುತ್ತದೆ, ಸಿಹಿ ಕಡಿಮೆ. ಆರೇಳು ತಿಂಗಳಿಗೆ ಒಳಗೆ ತೆಳ್ಳಗೆ ಗಂಜಿ ಕಟ್ಟೋಕೆ ಶುರುವಾಗುತ್ತದೆ, ಆಗ ನೀರೂ ಜಾಸ್ತಿ, ಸಿಹಿಯೂ ಜಾಸ್ತಿ. ಅದಾದ ಮೇಲೆ ಗಂಜಿ ದಪ್ಪ ಆಗ್ತಾ ಹೋದ ಹಾಗೆ ಸಿಹಿ ಇಳಿಯುತ್ತದೆ. ಬಲಿತ ಕಾಯಿ ಒಡೆದಾಗ ಬರುವ ನೀರು ಸಪ್ಪೆ ಇರೋದು ಅದಕ್ಕೇ. ಹಾಗಾಗಿ ಶುಗರ್ ಇರುವವರು ನೀರು ಎಳನೀರು ಕೇಳಿ, ಗಂಜಿಯದು ಬೇಡ. ನಾಟಿ ತಳಿ ಆದ್ರೆ ಶುಗರ್ ಇರೋದೇ ಇಲ್ಲ, ಎಷ್ಟು ಬೇಕಾದರೂ ಕುಡೀಬಹುದು.

ಆಹಾರ ತಜ್ಞೆ: ಅಣ್ಣ, ತಿಂಗಳ ಲೆಕ್ಕ ನೀವು ಹೇಳಿದ್ದು ಸರಿ. ನಾಟಿ ತಳಿಯ ಮಾತು ಮಾತ್ರ ಒಪ್ಪಲಾರೆ. ಸಿಹಿ ಇರುವ ಎಳನೀರಲ್ಲಿ ಸಕ್ಕರೆ ಇದ್ದೇ ಇರುತ್ತದೆ, ತಳಿ ಯಾವುದಾದರೂ ಸರಿ. ಎಳೆಯದರಲ್ಲಿ ಅದು ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್.

ಇಲ್ಲಿ ಲೋಟದ ಲೆಕ್ಕಕ್ಕೂ ಇಡೀ ಕಾಯಿಯ ಲೆಕ್ಕಕ್ಕೂ ವ್ಯತ್ಯಾಸ ಬರುತ್ತದೆ, ನಮ್ಮ ಕ್ಲಿನಿಕ್‌ಗೆ ಬರುವವರು ಜಾಸ್ತಿ ತಪ್ಪುವುದು ಇಲ್ಲೇ. ಯಾರೂ ಎಳನೀರನ್ನು ಲೋಟದಲ್ಲಿ ಕುಡಿಯುವುದಿಲ್ಲ ಅಲ್ವಾ? ಒಂದು ದೊಡ್ಡ ಕಾಯಲ್ಲಿ 400 ಮಿಲಿವರೆಗೂ ನೀರು ಇರಬಹುದು. ಚೆನ್ನಾಗಿ ಸಿಹಿ ಬಂದಿರುವ ಕಾಯಿ, 100 ಮಿಲಿಗೆ 5 ಗ್ರಾಂ ಅಂದುಕೊಳ್ಳಿ. ಆಗ ಒಂದು ಕಾಯಿಗೆ 20 ಗ್ರಾಂ ಆಯಿತು. ಅದು ಒಂದು ಲೋಟ ಕೋಲಾದ ಸಕ್ಕರೆಗೆ ಸಮ. ಚಿಕ್ಕ ಕಾಯಿ, 250 ಮಿಲಿ, ಅಷ್ಟು ಸಿಹಿ ಇಲ್ಲದ್ದು ಆದರೆ 7 ಗ್ರಾಂ ಆಸುಪಾಸು. ಎರಡೂ "ಒಂದು ಎಳನೀರು"ನೇ, ಆದರೆ ಮೂರು ಪಟ್ಟು ವ್ಯತ್ಯಾಸ. ಗಂಜಿಯಲ್ಲಿ ಕೊಬ್ಬು ಬರೋಕೆ ಶುರುವಾಗಿರುತ್ತದೆ, ದಪ್ಪ ಆದಷ್ಟೂ ಕ್ಯಾಲೊರಿ ಏರುತ್ತದೆ. ತೆಳು ಗಂಜಿ ಒಂದೆರಡು ಚಮಚ ತಿಂದರೆ ಚಿಂತೆ ಇಲ್ಲ.

ಹುಬ್ಬಳ್ಳಿಯ ಒಬ್ಬರು: ಎಳನೀರು ಕಿಡ್ನಿಗೆ ಒಳ್ಳೇದು ಅಂತ ನಮ್ಮ ಅಪ್ಪಾಜಿಗೆ ದಿನಾ ಎರಡು ಕೊಡ್ತೀವ್ರಿ. ಅವರಿಗೆ ಕ್ರಿಯಾಟಿನಿನ್ ಜಾಸ್ತಿ ಅದ, ಬಿಪಿ ಗುಳಿಗೆನೂ ತಗೋತಾರ. ಶುಗರ್ ಇಲ್ಲ. ಅಂದ್ರ ಅವರಿಗೆ ಏನೂ ತೊಂದರಿ ಇಲ್ಲ ಅಲ್ರಿ?

ಆಹಾರ ತಜ್ಞೆ: ಸರ್, ನೀವು ಕೇಳಿದ್ದು ಸಕ್ಕರೆಯ ವಿಷಯ ಅಲ್ಲವೇ ಅಲ್ಲ, ಆದರೆ ಇದಕ್ಕೆ ಮೊದಲು ಉತ್ತರ ಹೇಳಬೇಕು. ಇವತ್ತಿಂದ ಎಳನೀರು ನಿಲ್ಲಿಸಿ, ಡಾಕ್ಟರನ್ನು ಕೇಳಿ ಆಮೇಲೆ ಯೋಚಿಸಿ.

ಎಳನೀರಿನಲ್ಲಿ ಪೊಟ್ಯಾಶಿಯಂ ತುಂಬಾ ಇರುತ್ತದೆ, 100 ಮಿಲಿಗೆ 200 ರಿಂದ 250 ಮಿಲಿಗ್ರಾಂ. 300 ಮಿಲಿಯ ಎರಡು ಕಾಯಿ ಅಂದರೆ 1200 ರಿಂದ 1500. ಆರೋಗ್ಯವಂತರ ಕಿಡ್ನಿ ಅದನ್ನು ಮೂತ್ರದಲ್ಲಿ ಕಳಿಸಿಬಿಡುತ್ತದೆ. ಕ್ರಿಯಾಟಿನಿನ್ ಏರಿದೆ ಅಂದರೆ ಕಿಡ್ನಿಗೆ ಆ ಕೆಲಸ ಪೂರ್ತಿ ಮಾಡಲು ಆಗುತ್ತಿಲ್ಲ, ಪೊಟ್ಯಾಶಿಯಂ ರಕ್ತದಲ್ಲೇ ಉಳಿಯಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಗಳೂ ಪೊಟ್ಯಾಶಿಯಂ ಏರಿಸಬಲ್ಲವು. ಅದು ಮಿತಿ ಮೀರಿದರೆ ಹೃದಯದ ಬಡಿತ ತಪ್ಪುತ್ತದೆ, ಮುಂಚೆ ಏನೂ ಸೂಚನೆ ಸಿಗದೆಯೂ ಇರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸೀರಮ್ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ, ದಿನಾ ಎಳನೀರು ಕೊಡುತ್ತಿದ್ದೆವು ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.

ಹುಬ್ಬಳ್ಳಿಯವರು: ಗುಳಿಗೆ ಹೆಸರು ನೋಡಿದೆ, ಟೆಲ್ಮಿಸಾರ್ಟನ್ನೇ ಅದ. ನಾಳೆ ಬೆಳಿಗ್ಗೆನೇ ಕರ್ಕೊಂಡು ಹೋಗ್ತೀನ್ರಿ.

ಶಿವಮೊಗ್ಗದ ವಿದ್ಯಾರ್ಥಿ: ಮೇಡಂ, ಝೀರೊ ಶುಗರ್ ಕೋಲಾ ಕುಡಿದರೆ ಈ ತಲೆನೋವೇ ಇಲ್ಲ ಅಲ್ವಾ? ಬಾಟಲಿಯಲ್ಲಿ ಬರುವ ಎಳನೀರು ಹೇಗೆ?

ಆಹಾರ ತಜ್ಞೆ: ಝೀರೊ ಕೋಲಾದಲ್ಲಿ ಸಕ್ಕರೆ ಇಲ್ಲ, ಕ್ಯಾಲೊರಿ ಹೆಚ್ಚು ಕಡಿಮೆ ಸೊನ್ನೆ. ರಕ್ತದ ಶುಗರ್ ತಕ್ಷಣ ಏರುವುದಿಲ್ಲ. ಆದರೆ ತೂಕ ಇಳಿಸಲು, ಸಕ್ಕರೆಯ ಬದಲಿಗೆ ಅದರಲ್ಲಿ ಹಾಕುವಂಥ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ದೀರ್ಘಕಾಲದ ಪರಿಣಾಮದ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತ ಇಲ್ಲ. ಅಪರೂಪಕ್ಕೆ ಒಂದು ಕುಡಿದರೆ ನಾನು ಬೇಡ ಅನ್ನುವುದಿಲ್ಲ, ನೀರಿನ ಬದಲಿಗೆ ದಿನಾ ಕುಡಿಯಲು ಹೇಳುವುದಿಲ್ಲ.

ಬಾಟಲಿ ಎಳನೀರಿಗೆ ಕೆಲವರು ಸಕ್ಕರೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಪಟ್ಟಿ ಓದಿಯೇ ತಿಳಿಯಬೇಕು. ಜ್ಯೂಸ್ ಅಂಗಡಿಯ ಎಳನೀರು ಶೇಕ್‌ಗೆ ಸಾಮಾನ್ಯವಾಗಿ ಸಕ್ಕರೆ ಹಾಕಿಯೇ ರುಬ್ಬುತ್ತಾರೆ, ಅದನ್ನು ಎಳನೀರಿನ ಲೆಕ್ಕಕ್ಕೆ ಸೇರಿಸಬೇಡಿ.

ತುಮಕೂರಿನ ಗೃಹಿಣಿ: ಮೇಡಂ, ಮನೇಲಿರುವ ಮಾವಿನ ಪ್ಯಾಕೆಟ್ ತಿರುಗಿಸಿ ನೋಡಿದೆ. 100 ಮಿಲಿಗೆ ಟೋಟಲ್ ಶುಗರ್ಸ್ 14, ಆಡೆಡ್ ಶುಗರ್ಸ್ 12 ಅಂತ ಇದೆ. ಎನರ್ಜಿ 57. ಇದನ್ನ ಹೇಗೆ ಓದೋದು?

ಆಹಾರ ತಜ್ಞೆ: ಸರಿಯಾದ ಸಾಲನ್ನೇ ಹಿಡಿದಿದ್ದೀರಿ. ಆ 14ರಲ್ಲೇ 12 ಸೇರಿದೆ, ಎರಡನ್ನೂ ಕೂಡಿಸಬೇಡಿ. ಅಂದರೆ ಹಣ್ಣಿನಿಂದ ಬಂದದ್ದು 2 ಗ್ರಾಂ ಮಾತ್ರ, ಉಳಿದಿದ್ದು ಕಂಪನಿ ಹಾಕಿದ್ದು. ಒಂದು ಲೋಟಕ್ಕೆ ಎರಡರಿಂದ ಗುಣಿಸಿ: ಸಕ್ಕರೆ 28 ಗ್ರಾಂ, ಕ್ಯಾಲೊರಿ 114. ಐದೂವರೆ ಚಮಚ ಸಕ್ಕರೆ. 25 ಗ್ರಾಂ ಮಿತಿ ಇಟ್ಟುಕೊಂಡರೆ ಒಂದೇ ಲೋಟಕ್ಕೆ ದಿನದ ಪಾಲು ಮುಗಿದು ಹೋಯಿತು, ಇನ್ನು ಕಾಫಿಗೆ ಸಕ್ಕರೆ ಹಾಕುವಂತಿಲ್ಲ. ಲೀಟರ್ ಪ್ಯಾಕ್ ಅಂದರೆ 140 ಗ್ರಾಂ.

ತುಮಕೂರಿನ ಗೃಹಿಣಿ: ಇದನ್ನ ಅವರಿಗೇ ಓದಿ ಹೇಳಿದೆ, ಸುಮ್ನೆ ಆದ್ರು. ಸಂಜೆ ಕೆಲಸದಿಂದ ಬಂದ ಮೇಲೆ ಒಂದು ಎಳನೀರು ಕುಡೀಬಹುದಾ ಅಂತ ಕೇಳ್ತಿದ್ದಾರೆ. ದಿನಾ ಆಗುತ್ತಾ, ವಾರಕ್ಕೆ ಮೂರಾ?

ಆಹಾರ ತಜ್ಞೆ: ಇದಕ್ಕೆ ಎಲ್ಲರಿಗೂ ಒಂದೇ ಸಂಖ್ಯೆ ಹೇಳಲು ಆಗುವುದಿಲ್ಲ ಅಕ್ಕ, ಒಬ್ಬೊಬ್ಬರ ದೇಹ ಒಂದೊಂದು ರೀತಿ. ಮೊದಲು ಅವರ ಕ್ರಿಯಾಟಿನಿನ್ ಸರಿ ಇದೆಯಾ ನೋಡಿ. ಸರಿ ಇದ್ದರೆ ಮನೆಯ ಗ್ಲೂಕೋಮೀಟರ್‌ನಲ್ಲಿ ಎಳನೀರಿಗೆ ಮುಂಚೆ ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ, ಎರಡು ಗಂಟೆಗೆ ಒಮ್ಮೆ ಚೆಕ್ ಮಾಡಿ. ಆ ಹೊತ್ತಿನಲ್ಲಿ ಬಿಸ್ಕೆಟ್, ಚುರುಮುರಿ ಏನೂ ತಿನ್ನಬಾರದು, ಇಲ್ಲದಿದ್ದರೆ ಯಾವುದರಿಂದ ಏರಿತು ಅಂತ ಗೊತ್ತಾಗಲ್ಲ. ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಒಂದು ಸಲದ ರೀಡಿಂಗ್ ನಂಬಬೇಡಿ. ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಚಿಕ್ಕ ಕಾಯಿ, ಗಂಜಿ ಕಟ್ಟದ ನೀರು ಎಳನೀರು, ವಾರಕ್ಕೆ ಎರಡು ಮೂರು ಸಾಕು.

ತಿಪಟೂರಿನ ತೋಟದವರು: ಚಿಕ್ಕದು ಬೇಕು ಅಂದ್ರೆ ಅಂಗಡಿಯವರಿಗೆ ಮೊದಲೇ ಹೇಳಿ. ಕೇಳದೆ ಇದ್ರೆ ದೊಡ್ಡದನ್ನೇ ಕೊಚ್ಚಿ ಕೊಡ್ತಾರೆ. ನಾಟಿ ತಳಿ ಬಗ್ಗೆ ನನಗಿನ್ನೂ ಒಪ್ಪಿಗೆ ಇಲ್ಲ ಮೇಡಂ, ನಮ್ಮ ತೋಟದ್ದನ್ನ ಲ್ಯಾಬ್‌ಗೆ ಕೊಟ್ಟು ನೋಡ್ತೀನಿ.

ಆಹಾರ ತಜ್ಞೆ: ಖಂಡಿತ ಕೊಡಿ ಅಣ್ಣ. ಎಷ್ಟು ತಿಂಗಳ ಕಾಯಿ ಅಂತ ಮರೆಯದೆ ಬರೆದು ಕೊಡಿ, ಬಂದ ರಿಪೋರ್ಟ್ ಇಲ್ಲೇ ಹಾಕಿ.