ಸಹಾಯ ಬೇಕು: ನನ್ನ ಇಲಿ ಜ್ವರದ ಪ್ರಶ್ನೆಯನ್ನು ತಿದ್ದಿಕೊಡುವಿರಾ?

ಮುಂಬೈಯಲ್ಲಿ ಎಂ.ಬಿ.ಬಿ.ಎಸ್. ಕೊನೆಯ ವರ್ಷದಲ್ಲಿರುವ ನಾನು, ನನ್ನದೇ ಟಿಪ್ಪಣಿಗಳಿಂದ ರೋಗಿಯ ವೃತ್ತಾಂತವಿರುವ ಬಹುಆಯ್ಕೆ ಪ್ರಶ್ನೆಗಳನ್ನು ಬರೆದು ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದೇನೆ. ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರದ ಪ್ರಶ್ನೆ ಹೀಗಿದೆ:

"ಹತ್ತು ದಿನಗಳ ಹಿಂದೆ ಕುರ್ಲಾದಲ್ಲಿ ಮೊಣಕಾಲುದ್ದ ಮಳೆನೀರಿನಲ್ಲಿ ನಡೆದಿದ್ದ 28 ವರ್ಷದ ಯುವಕನಿಗೆ ಐದು ದಿನಗಳಿಂದ ಜ್ವರವಿದೆ. ಮೀನಖಂಡ ಒತ್ತಿದರೆ ತೀವ್ರ ನೋವು, ಕೀವಿಲ್ಲದೆ ಕೆಂಪಾದ ಕಣ್ಣು, ಕಾಮಾಲೆ. ಬಿಲಿರುಬಿನ್ 9, ಎ.ಎಲ್.ಟಿ. 90, ಕ್ರಿಯಾಟಿನಿನ್ 3.2, ಪ್ಲೇಟ್‌ಲೆಟ್ 70,000. ರೋಗ ಯಾವುದು?"

ನನ್ನ ರೂಮ್‌ಮೇಟ್ "ಮಳೆನೀರು" ಎಂಬಲ್ಲಿಗೇ ಓದು ನಿಲ್ಲಿಸಿ ಸರಿಯುತ್ತರ ಹೇಳಿಬಿಟ್ಟಳು. ಇಲ್ಲಿ ಮಳೆಗಾಲ ಕಳೆದ ಯಾರಾದರೂ ಹಾಗೆಯೇ ಹೇಳಿಯಾರು. ಆದ್ದರಿಂದ ಆ ಸಾಲನ್ನು ತೆಗೆದು, ಯುವಕನನ್ನು ಗೋರೆಗಾಂವ್‌ನ ತಬೇಲೆಯಲ್ಲಿ ಎಮ್ಮೆ ಕಟ್ಟುವವನನ್ನಾಗಿ ಮಾಡಿದ್ದೇನೆ, ಏಕೆಂದರೆ ಸೋಂಕು ತಗುಲಿದ ದನಕರುಗಳ ಮೂತ್ರದಿಂದಲೂ ಈ ರೋಗ ಹರಡುತ್ತದೆ.

ತೊಡಕಿರುವುದು ಉಳಿದ ಆಯ್ಕೆಗಳಲ್ಲಿ. ವೈರಲ್ ಹೆಪಟೈಟಿಸ್ ಆಗಿದ್ದರೆ ಇಷ್ಟು ಕಾಮಾಲೆಗೆ ಎ.ಎಲ್.ಟಿ. ಸಾಮಾನ್ಯವಾಗಿ ಸಾವಿರದ ಆಸುಪಾಸಿನಲ್ಲಿರಬೇಕಿತ್ತು, ಆದ್ದರಿಂದ ಅದು ತಾನಾಗಿ ಬಿದ್ದುಹೋಗುತ್ತದೆ. ಆದರೆ ಫಾಲ್ಸಿಪಾರಂ ಮಲೇರಿಯಾದಲ್ಲಿಯೂ ಕಾಮಾಲೆ, ಮೂತ್ರಪಿಂಡದ ವೈಫಲ್ಯ ಮತ್ತು ಪ್ಲೇಟ್‌ಲೆಟ್ ಕುಸಿತ ಒಟ್ಟಿಗೆ ಬರಬಹುದು. ಹಾಗಿರುವಾಗ ಮೀನಖಂಡದ ನೋವು ಮತ್ತು ಕೆಂಪು ಕಣ್ಣಷ್ಟರಿಂದಲೇ ಅದನ್ನು ತಳ್ಳಿಹಾಕಬಹುದೇ, ಅಥವಾ ರಕ್ತಲೇಪದಲ್ಲಿ ಪರೋಪಜೀವಿ ಕಂಡಿಲ್ಲವೆಂದು ಸೇರಿಸಲೇಬೇಕೇ? ಸೇರಿಸಿದರೆ ಆ ಆಯ್ಕೆಯೇ ವ್ಯರ್ಥವಾಗುತ್ತದೆಯೇನೋ ಎಂಬ ಅನುಮಾನ ನನಗಿದೆ. ಪ್ರಶ್ನೆಪತ್ರಿಕೆ ತಯಾರಿಸಿ ಅನುಭವವುಳ್ಳ ಹಿರಿಯರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.